ಸಂಶೋಧನಾ ಪ್ರಬಂಧದ ಕೋಷ್ಟಕದ ಚಿತ್ರದಿಂದ ± ಅಂಕಿ, ಅಕ್ಷರ, ಏಕಮಾನಗಳನ್ನು ತಪ್ಪಿಲ್ಲದೆ ತೆಗೆಯುವುದು ಹೇಗೆ?

ಪ್ರಶ್ನೆ: ಹಳೆಯ ಪ್ರಬಂಧಗಳ ಕೋಷ್ಟಕಗಳು ನನ್ನ ಹತ್ತಿರ ಚಿತ್ರವಾಗಿ ಮಾತ್ರ ಇವೆ. ಒಸಿಆರ್ ಮಾಡಿದರೆ ± ಹೋಗುತ್ತದೆ, ಪಕ್ಕದ a, b ಅಕ್ಷರಗಳು ಏನೇನೋ ಆಗುತ್ತವೆ, ತಲೆಸಾಲಿನ ಏಕಮಾನವೂ ಕೆಡುತ್ತದೆ. ಎಕ್ಸೆಲ್‌ಗೆ ಸರಿಯಾಗಿ ತರುವ ದಾರಿ ಇದೆಯೇ?

ಉತ್ತರ: ± ಹೋಗುವುದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಅದು + ಆದರೂ t ಆದರೂ ಕಣ್ಣಿಗೆ ಬೀಳುತ್ತದೆ, ಎರಡು ಸಂಖ್ಯೆಗಳ ನಡುವೆ ಬೇರೇನೂ ಇರಲು ಸಾಧ್ಯವಿಲ್ಲವಾದ್ದರಿಂದ ತಿದ್ದುವುದೂ ಸುಲಭ. ನನ್ನನ್ನು ನಿಜವಾಗಿ ಹಳ್ಳಕ್ಕೆ ಕೆಡವಿದ್ದು ಮೇಲಕ್ಕೆ ಬರೆದ ಆ ಪುಟ್ಟ ಅಕ್ಷರ. ಅದು ಸುಮ್ಮನೆ ಅಂಕಿಯಾಗಿ ಬಿಡುತ್ತದೆ, ಆ ಅಂಕಿ ನೋಡಲು ಸರಿಯಾಗಿಯೇ ಇರುತ್ತದೆ.

ಉದಾಹರಣೆಗೆ ನಾನೇ ಕಟ್ಟಿದ ಒಂದು ಕಾಲಂ ನೋಡಿ. ನಾಲ್ಕು ಉಪಚಾರ, ಪ್ರತಿಯೊಂದಕ್ಕೂ ಮೂರು ಪುನರಾವರ್ತನೆ. ಎಡಗಡೆ ಪುಟದಲ್ಲಿ ಇರುವುದು, ಬಲಗಡೆ ಒಸಿಆರ್ ಕೊಡುವಂಥದ್ದು:

```
T1  12.41 ± 0.32 c     12.41 + 0.32°
T2  16.05 ± 0.41 b     16.05 + 0.416
T3  16.94 ± 0.28 a     16.94 + 0.284
T4  16.52 ± 0.36 ab    16.52 + 0.36®
```

ಮೊದಲ ಮತ್ತು ಕೊನೆಯ ಸಾಲಿನ ತಪ್ಪು ತಾನಾಗಿಯೇ ಕೂಗಿ ಹೇಳುತ್ತದೆ. ನಡುವಿನ ಎರಡು ಸಾಲು ಹಾಗಲ್ಲ: b ಎಂಬುದು 6 ಆಯಿತು, a ಎಂಬುದು 4 ಆಯಿತು, ಅಕ್ಷರವೂ ಕಳೆದುಹೋಯಿತು, ವಿಚಲನೆಯೂ ಬದಲಾಯಿತು. ಎಕ್ಸೆಲ್ ಇದನ್ನು ಚಕಾರವೆತ್ತದೆ ಒಪ್ಪಿಕೊಳ್ಳುತ್ತದೆ.

ಇದಕ್ಕೆ ಮದ್ದು ಇಡೀ ಪುಟವನ್ನು ಒಂದೇ ಸಲ ಓದಿಸದಿರುವುದು. ಚಿತ್ರವನ್ನು ಮೂರು ನಾಲ್ಕು ಪಟ್ಟು ಹಿಗ್ಗಿಸಿ, ಒಂದೊಂದು ಸೆಲ್ಲನ್ನು ಬೇರೆ ಬೇರೆ ಕತ್ತರಿಸಿ. ಆಮೇಲೆ ಓಪನ್‌ಸಿವಿಯ `connectedComponentsWithStats` ಬಳಸಿದರೆ ಪ್ರತಿ ಮಸಿತುಣುಕಿನ ತಲೆ ಎಲ್ಲಿ, ಎತ್ತರ ಎಷ್ಟು ಎಂದು ಸಿಗುತ್ತದೆ. ಅಂಕಿಗಳೆಲ್ಲ ಒಂದೇ ಗೆರೆಯ ಮೇಲೆ ಕಾಲೂರಿ ನಿಂತಿರುತ್ತವೆ. ಸೂಪರ್‌ಸ್ಕ್ರಿಪ್ಟ್ ಅಕ್ಷರದ ಕಾಲು ಮಾತ್ರ ನೆಲ ಮುಟ್ಟುವುದಿಲ್ಲ, ಅಂಕಿಯ ನಡುಮಟ್ಟದ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗೆ ತೇಲುವ ತುಣುಕುಗಳನ್ನು ಅಳಿಸಿ ಸಂಖ್ಯೆಯನ್ನು ಒಮ್ಮೆ ಓದಿಸಿ. ಅಳಿಸಿದ್ದನ್ನು ಬೇರೆ ಚಿತ್ರ ಮಾಡಿ, ಇನ್ನಷ್ಟು ಹಿಗ್ಗಿಸಿ, ಇನ್ನೊಮ್ಮೆ ಓದಿಸಿ.

```
tesseract num.png out_num --psm 7
tesseract sup.png out_sup --psm 8
```

7 ಎಂದರೆ ಒಂದು ಸಾಲು, 8 ಎಂದರೆ ಒಂದು ಪದ. ಇಲ್ಲಿ ನಾನು ಒಂದು ಮಧ್ಯಾಹ್ನ ಪೂರ್ತಿ ಕಳೆದುಕೊಂಡ ತೊಡಕೊಂದಿದೆ: ± ಚಿಹ್ನೆ ಎರಡು ತುಣುಕಾಗಿ ಒಡೆದು, ಮೇಲಿನ + ಕೂಡ ತೇಲುವ ಅಕ್ಷರದಂತೆಯೇ ಕಾಣುತ್ತದೆ. ಆದ್ದರಿಂದ ನೆಲ ಮುಟ್ಟಿದ ಕೊನೆಯ ಅಂಕಿಯ ಬಲಕ್ಕೆ ಇರುವುದನ್ನಷ್ಟೇ ಅಳಿಸಿ. ಅಕ್ಷರಗಳನ್ನು ಮೇಲೆತ್ತದೆ ಸಾಲಿನಲ್ಲೇ ಅಚ್ಚು ಮಾಡಿದ ಪತ್ರಿಕೆಗಳಿಗೆ ಈ ಉಪಾಯ ನಡೆಯುವುದಿಲ್ಲ.

ಏನೇ ಮಾಡಿದರೂ ಕೆಲವು ತಪ್ಪು ಉಳಿಯುತ್ತವೆ, ಅವನ್ನು ಹಿಡಿಯಲು ದಶಾಂಶ ಸ್ಥಾನ ಎಣಿಸುವುದೇ ಅಗ್ಗದ ಬಲೆ. ಇಲ್ಲಿ s ಎಂದರೆ ± ತಿದ್ದಿ, ಅಕ್ಷರವನ್ನು ಮತ್ತೆ ಜೋಡಿಸಿದ ಒಂದು ಸೆಲ್‌ನ ಪಠ್ಯ.

```python
p = r'(\d+\.(\d+))\s*±\s*(\d+\.(\d+))\s*([A-Za-z]+)'
m = re.fullmatch(p, s)
if not m or len(m[2]) != len(m[4]):
    suspect.append(s)
```

ಸರಾಸರಿಗೆ ಎರಡು ಸ್ಥಾನ, ವಿಚಲನೆಗೆ ಮೂರು ಎಂದರೆ ಮೂರನೆಯದು ಬಹುಪಾಲು ಅಕ್ಷರವೇ. ಆದರೂ ಕೋಡ್‌ಗೆ ಅದನ್ನು ಕತ್ತರಿಸಲು ಬಿಡಬೇಡಿ. ಕೆಲವರು ವಿಚಲನೆಯನ್ನು ಬೇಕೆಂದೇ ಒಂದು ಸ್ಥಾನ ಹೆಚ್ಚು ಕೊಡುತ್ತಾರೆ. ಆಗ ಕಾಲಂ ಪೂರ್ತಿ ಹಾಗೆಯೇ ಇರುತ್ತದೆ. ಬೆರಳೆಣಿಕೆಯ ಸೆಲ್‌ಗಳಲ್ಲಿ ಮಾತ್ರ ಇದ್ದರೆ ಚಿತ್ರ ತೆರೆದು ಕಣ್ಣಲ್ಲೇ ನೋಡಿ.

ಇನ್ನು ಈ ಅಕ್ಷರಗಳೇ ಅಂಕಿಗಳಿಗೆ ಕಾವಲು ನಿಲ್ಲುತ್ತವೆ. ಕಾಲಂ ಅನ್ನು ಸರಾಸರಿಯ ಪ್ರಕಾರ ಇಳಿಕೆಯಲ್ಲಿ ಜೋಡಿಸಿ: 16.94 a, 16.52 ab, 16.05 b, 12.41 c. ಎಲ್ಲ ಉಪಚಾರಕ್ಕೂ ಪುನರಾವರ್ತನೆ ಸಮನಾಗಿದ್ದರೆ ಒಂದೇ ಅಕ್ಷರ ಹೊತ್ತವು ಹೀಗೆ ಒತ್ತಿಗೊತ್ತಿ ಬರಲೇಬೇಕು. 16.94 ಅನ್ನು ಒಸಿಆರ್ 10.94 ಎಂದು ಓದಿದ್ದರೆ a ಹೋಗಿ c ಗಿಂತ ಕೆಳಗೆ ಕೂರುತ್ತಿತ್ತು, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಕೆಲವರು ಕನಿಷ್ಠ ಸರಾಸರಿಗೆ a ಕೊಡುತ್ತಾರೆ, ಅದು ತೊಂದರೆಯಲ್ಲ, ಕ್ರಮ ತಿರುವಿದರಾಯಿತು. ಹೋಲಿಕೆ ಕಾಲಂನಲ್ಲಿ ಕೆಳಮುಖವೋ ಸಾಲಿನಲ್ಲಿ ಅಡ್ಡವೋ ಎಂಬುದನ್ನು ಮಾತ್ರ ಅಡಿಟಿಪ್ಪಣಿಯಲ್ಲಿ ಓದಿಕೊಳ್ಳಿ. ದೊಡ್ಡಕ್ಷರ ಸಣ್ಣಕ್ಷರ ಎರಡೂ ಇದ್ದರೆ ಸಾಮಾನ್ಯವಾಗಿ ಎರಡು ದಿಕ್ಕಿನ ಹೋಲಿಕೆಗಳಿರುತ್ತವೆ. ಎಲ್ಲವನ್ನೂ ಸಣ್ಣಕ್ಷರ ಮಾಡಿಬಿಡಬೇಡಿ.

ಅಡಿಟಿಪ್ಪಣಿಯನ್ನು ಕತ್ತರಿಸಿ ಬಿಸಾಡಿದವರಿಗೆ ಇನ್ನೊಂದು ಪೆಟ್ಟು ಕಾದಿದೆ: ± ಪಕ್ಕದ ಸಂಖ್ಯೆ ಎಸ್‌ಡಿಯೋ ಎಸ್‌ಇಯೋ? ಅದನ್ನು ಬರೆಯದ ಪ್ರಬಂಧಗಳೂ ಉಂಟು. ಆಗ ಲೆಕ್ಕ ಕೆಲವೊಮ್ಮೆ ಉತ್ತರ ಹೇಳುತ್ತದೆ. ನಮ್ಮ ಕಾಲಂನಲ್ಲಿ ಹೋಲಿಕೆ 5% ಮಟ್ಟದ ಎಲ್‌ಎಸ್‌ಡಿ ಪರೀಕ್ಷೆಯದು, ಪ್ರಯೋಗ ಸಂಪೂರ್ಣ ಯಾದೃಚ್ಛಿಕ ವಿನ್ಯಾಸದ್ದು ಎಂದುಕೊಳ್ಳಿ. ನಾಲ್ಕು ಸಂಖ್ಯೆಗಳೂ ಎಸ್‌ಡಿ ಎಂದಾದರೆ ಅವುಗಳ ವರ್ಗಗಳ ಸರಾಸರಿ ಸುಮಾರು 0.12. ಸ್ವಾತಂತ್ರ್ಯದ ದರ್ಜೆ 8ಕ್ಕೆ ಟಿ ಬೆಲೆ 2.306. ಎರಡು ಸರಾಸರಿಗಳನ್ನು ಬೇರೆ ಎನ್ನಲು ಬೇಕಾದ ಕನಿಷ್ಠ ಅಂತರ, ಅಂದರೆ ಮಿತಿ, ಹೀಗೆ ಬರುತ್ತದೆ:

```
SD: 2.306 * sqrt(2*0.12/3) = 0.65
SE: 2.306 * sqrt(2*0.36/3) = 1.13
```

ಎರಡನೇ ಸಾಲಿನ 0.36 ಬಂದದ್ದು ಎಸ್‌ಇಯನ್ನು √3 ಇಂದ ಗುಣಿಸಿದರೆ ಎಸ್‌ಡಿ, ಅಂದರೆ ವರ್ಗ ಮೂರು ಪಟ್ಟು ಆಗುವುದರಿಂದ. a ಮತ್ತು b ನಡುವಿನ ಅಂತರ 0.89. ಅವು ಬೇರೆ ಬೇರೆ ಅಕ್ಷರ ಪಡೆದಿವೆ ಎಂದರೆ ಮಿತಿ 0.89ಕ್ಕಿಂತ ಕಡಿಮೆ ಇರಬೇಕು. 0.65 ಹೊಂದುತ್ತದೆ, 1.13 ಹೊಂದುವುದಿಲ್ಲ, ಇಲ್ಲಿರುವುದು ಎಸ್‌ಡಿಯೇ. ಟೂಕಿ ಪರೀಕ್ಷೆಯಾದರೆ ಮಿತಿ ಇನ್ನೂ ದೊಡ್ಡದು, ಬ್ಲಾಕ್ ವಿನ್ಯಾಸವಾದರೆ ದೋಷದ ಲೆಕ್ಕವೇ ಬೇರೆ. ಹಾಗಾಗಿ ಇದನ್ನು ಸುಳಿವು ಎಂದುಕೊಳ್ಳಿ, ತೀರ್ಪು ಎಂದಲ್ಲ.

ತಲೆಸಾಲನ್ನು ನಾನು ಒಸಿಆರ್‌ಗೆ ಕೊಡುವುದನ್ನೇ ಬಿಟ್ಟಿದ್ದೇನೆ. ಒಂದು ಕೋಷ್ಟಕಕ್ಕೆ ಇರುವುದು ಏಳೆಂಟು ತಲೆಬರಹ, ಕೈಯಲ್ಲಿ ಟೈಪ್ ಮಾಡಿದರೆ ಎರಡು ನಿಮಿಷ. g⁻¹ ಎಂಬುದು g1 ಆಗುವುದು ಸಣ್ಣ ಸಂಗತಿ. µg ಎಂಬುದು mg ಆದರೆ ಸಾವಿರ ಪಟ್ಟು ವ್ಯತ್ಯಾಸ. ಎಲ್ಲಕ್ಕಿಂತ ಕಾಡುವುದು ತಲೆಸಾಲಿನ ×10³. ಅದರಡಿ 4.2 ಎಂದಿದ್ದರೆ ನಿಜವಾದ ಬೆಲೆ 4200 ಇರಬಹುದು, ಮೊದಲೇ ಸಾವಿರದಿಂದ ಗುಣಿಸಿ ತೋರಿಸಿದ 0.0042 ಕೂಡ ಇರಬಹುದು. ಲೇಖಕರು ಎರಡೂ ಅರ್ಥದಲ್ಲಿ ಬಳಸುತ್ತಾರೆ. ಫಲಿತಾಂಶ ಭಾಗದಲ್ಲಿ ಅದೇ ಸಂಖ್ಯೆಯನ್ನು ವಾಕ್ಯದೊಳಗೆ ಹೇಳಿದ್ದಾರೆಯೇ ಎಂದು ಹುಡುಕಿ, ಅಲ್ಲಿ ಗುಟ್ಟು ಬಯಲಾಗುತ್ತದೆ. ಎಕ್ಸೆಲ್‌ನಲ್ಲಿ ಸರಾಸರಿ, ವಿಚಲನೆ, ಅದು ಯಾವ ಬಗೆ, ಅಕ್ಷರ, ಏಕಮಾನ, ಗುಣಕ ಎಲ್ಲಕ್ಕೂ ಬೇರೆ ಬೇರೆ ಕಾಲಂ ಇಡಿ. ಗುಣಕವನ್ನು ಸಂಖ್ಯೆಯೊಳಗೆ ಕರಗಿಸಬೇಡಿ. ಒಸಿಆರ್ ಕೊಟ್ಟ ಮೂಲ ಸಾಲನ್ನೂ ಪಕ್ಕದಲ್ಲೇ ಉಳಿಸಿಕೊಳ್ಳಿ.

ಅಂದಹಾಗೆ, ಕೈಲಿರುವುದು ನಿಜವಾಗಿಯೂ ಚಿತ್ರವೇ ಎಂದು ಒಮ್ಮೆ ನೋಡಿ. ಪಿಡಿಎಫ್ ಆಗಿದ್ದರೆ `pdftotext -layout` ಕೊಟ್ಟು ಪಠ್ಯ ಬರುತ್ತದೆಯೇ ಪರೀಕ್ಷಿಸಿ. ಬಂದರೆ ಅರ್ಧ ಕೆಲಸ ತಪ್ಪುತ್ತದೆ. ಅಲ್ಲಿಯೂ ಹಳೆಯ ಕೆಲವು ಪಿಡಿಎಫ್‌ಗಳಲ್ಲಿ ಚಿಹ್ನೆಯ ಫಾಂಟ್ ಕೈಕೊಟ್ಟು ± ಬದಲು 6 ಬರುತ್ತದೆ, `12.41 6 0.32` ಎಂಬಂತೆ. µ ಬದಲು m ಬರುತ್ತದೆ. ಪಠ್ಯ ನೇರವಾಗಿ ಸಿಕ್ಕಿತೆಂದು ಪುಟದ ಚಿತ್ರ ನೋಡುವುದನ್ನು ಬಿಡಬೇಡಿ.