ಪ್ರೋನೋಟು ಕೈಯಲ್ಲಿದ್ದರೂ ದಾವೆಯ ಅವಧಿ ಮುಗಿದಿದೆಯೇ?

ಪ್ರಶ್ನೆ: 2022ರ ಜೂನ್ 10ರಂದು ಸೋದರಮಾವನ ಮಗನಿಗೆ 4 ಲಕ್ಷ ರೂಪಾಯಿ ಕೈಸಾಲ ಕೊಟ್ಟೆ. ‘ಕೇಳಿದಾಗ ಕೊಡುತ್ತೇನೆ’ ಎಂದು ಪ್ರೋನೋಟು ಬರೆದುಕೊಟ್ಟಿದ್ದಾನೆ. 2024ರ ಆಗಸ್ಟ್‌ನಲ್ಲಿ 50 ಸಾವಿರ ನಗದು ಕೊಟ್ಟ, ಅದನ್ನು ಎಲ್ಲೂ ಬರೆದಿಲ್ಲ. ಅಮ್ಮನಿಗೆ ಹುಷಾರಿರಲಿಲ್ಲ, ಆಸ್ಪತ್ರೆ ಓಡಾಟದಲ್ಲಿ ನಾನು ಸುಮ್ಮನಿದ್ದೆ. 2025ರ ಮೇ ತಿಂಗಳಲ್ಲಿ ವಕೀಲರಿಂದ ನೋಟಿಸ್ ಕಳಿಸಿದೆ, ಉತ್ತರ ಬರಲಿಲ್ಲ. ಜುಲೈನಲ್ಲಿ ಸಿಕ್ಕಾಗ ‘ಕೊಡ್ತೀನಿ’ ಅಂದ. ಈಗ ದಾವೆ ಹಾಕಲು ಹೋದರೆ ಟೈಮ್ ಬಾರ್ ಆಗಿದೆ ಎನ್ನುತ್ತಾರೆ. ನಾನು ಹಣ ಕೇಳಿದ ದಿನದಿಂದ ತಾನೇ ಲೆಕ್ಕ? 2025ರ ಮಾರ್ಚ್ 18ರಂದು ಅವನು ‘ಭಾವ, ನಿಮ್ಮ ದುಡ್ಡು ಬಾಕಿ ಇದೆ, ಅಡಿಕೆ ಮಾರಿದ ಮೇಲೆ ಕೊಡ್ತೀನಿ’ ಎಂದು ವಾಟ್ಸಾಪ್ ಮಾಡಿದ್ದ. ಅದರಿಂದ ಏನಾದರೂ ಪ್ರಯೋಜನ ಇದೆಯೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇದೆ. ಆ ಒಂದು ಸಂದೇಶವೇ ಈಗ ನಿಮ್ಮ ಮುಖ್ಯ ಆಧಾರ. ಆದ್ದರಿಂದ ಫೋನ್ ಬದಲಾಯಿಸಬೇಡಿ, ಚಾಟ್ ಅಳಿಸಬೇಡಿ. ಯಾಕೆ ಎಂದು ಹೇಳುತ್ತೇನೆ.

ಮೊದಲು ಲೆಕ್ಕ ಯಾವತ್ತಿನಿಂದ ಎಂಬುದು. ನಿಮ್ಮಂತೆಯೇ ಬಹಳ ಜನ ‘ಕೇಳಿದ ದಿನದಿಂದ’ ಎಂದುಕೊಂಡಿರುತ್ತಾರೆ. 1963ರ ಕಾಲಮಿತಿ ಕಾಯ್ದೆ, ಅಂದರೆ ವಕೀಲರು ಹೇಳುವ ಲಿಮಿಟೇಷನ್ ಆಕ್ಟ್, ಹಾಗೆ ಹೇಳುವುದಿಲ್ಲ. ‘ಕೇಳಿದಾಗ ಕೊಡುತ್ತೇನೆ’ ಎಂದು ಬರೆದ ಪ್ರೋನೋಟಿನ ಮೇಲೆ ದಾವೆ ಹಾಕಲು ಮೂರು ವರ್ಷ ಅವಧಿ, ಅದು ಶುರುವಾಗುವುದು ಪ್ರೋನೋಟಿನ ತಾರೀಖಿನಿಂದ. ಕೇಳಿದಾಗ ಕೊಡಬೇಕಾದ ಸಾಲವನ್ನು ಕೊಟ್ಟ ಮರುಗಳಿಗೆಯೇ ಕೇಳಬಹುದಲ್ವಾ? ಹಾಗಾಗಿ ದಾವೆ ಹಾಕುವ ಹಕ್ಕು ಅವತ್ತೇ ಹುಟ್ಟಿತು ಎಂದು ಕಾಯ್ದೆ ಎಣಿಸುತ್ತದೆ. ಪ್ರೋನೋಟು ಬರೆದ ದಿನವನ್ನು ಬಿಟ್ಟು ಎಣಿಸಿದರೆ ನಿಮ್ಮ ಮೂರು ವರ್ಷ 2025ರ ಜೂನ್ 10ಕ್ಕೆ ಮುಗಿಯಿತು. ‘2023ರ ಡಿಸೆಂಬರ್ 31ಕ್ಕೆ ಕೊಡುತ್ತೇನೆ’ ಎಂದು ವಾಯಿದೆ ಹಾಕಿ ಬರೆಸಿದ್ದರೆ ಆ ವಾಯಿದೆಯಿಂದ ಮೂರು ವರ್ಷ ಸಿಗುತ್ತಿತ್ತು.

ಮೇ ತಿಂಗಳ ನೋಟಿಸಿನಿಂದ ಅವಧಿ ಒಂದು ದಿನವೂ ಬೆಳೆಯುವುದಿಲ್ಲ. ನೋಟಿಸ್ ನೀವು ಬರೆದದ್ದು, ಸಾಲಗಾರ ಬರೆದದ್ದಲ್ಲ. ಅವತ್ತು ಇನ್ನೂ ಅವಧಿ ಇತ್ತು. ನೋಟಿಸಿಗೆ ಉತ್ತರ ಕಾಯುವ ಬದಲು ಜೂನ್ 10ರೊಳಗೆ ದಾವೆ ಹಾಕಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಅಮ್ಮನ ಕಾಯಿಲೆಯ ಕಾರಣವೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೇಳಲು ಕಷ್ಟವಾದರೂ ಕಾನೂನು ಇರುವುದು ಹಾಗೆ. ತಡವಾದದ್ದನ್ನು ಸಕಾರಣವಿದ್ದರೆ ಮನ್ನಿಸುವ 5ನೇ ಸೆಕ್ಷನ್ ಮೇಲ್ಮನವಿಗಳಿಗೆ ಮತ್ತು ಅರ್ಜಿಗಳಿಗೆ ಅನ್ವಯಿಸುತ್ತದೆ, ಹೊಸ ದಾವೆಗೆ ಅನ್ವಯಿಸುವುದಿಲ್ಲ. ನ್ಯಾಯಾಧೀಶರಿಗೆ ನಿಮ್ಮ ಮೇಲೆ ಎಷ್ಟೇ ಕನಿಕರ ಇದ್ದರೂ ಒಂದು ದಿನ ಕೂಡ ಕೊಡಲಾಗದು. ಅಷ್ಟೇ ಅಲ್ಲ, ಎದುರಾಳಿ ಅವಧಿಯ ಮಾತೇ ಎತ್ತದಿದ್ದರೂ ಅವಧಿ ಮೀರಿದ ದಾವೆಯನ್ನು ನ್ಯಾಯಾಲಯ ವಜಾ ಮಾಡಲೇಬೇಕು ಎಂದು 3ನೇ ಸೆಕ್ಷನ್ ಹೇಳುತ್ತದೆ.

50 ಸಾವಿರದ ವಿಷಯಕ್ಕೆ ಬರೋಣ. ಅವಧಿಯೊಳಗೆ ಸಾಲಗಾರ ಅಸಲಿನಲ್ಲಿ ಸ್ವಲ್ಪವನ್ನೋ ಬಡ್ಡಿಯನ್ನೋ ಕೊಟ್ಟರೆ, ಕೊಟ್ಟ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಇದು 19ನೇ ಸೆಕ್ಷನ್. ಆದರೆ ಕೊಟ್ಟದ್ದು ನಿಜ ಎನ್ನುವುದಷ್ಟೇ ಸಾಲದು. ಆ ಪಾವತಿಯ ಬಗ್ಗೆ ಕೊಟ್ಟವನ ಕೈಬರಹವಾಗಲಿ, ಅವನ ಸಹಿ ಇರುವ ಬರಹವಾಗಲಿ ಬೇಕು. ಪ್ರೋನೋಟಿನ ಹಿಂಬದಿಯಲ್ಲಿ ‘ಇದರ ಬಾಬ್ತು 50,000 ಕೊಟ್ಟಿದ್ದೇನೆ’ ಎಂದು ಅವನಿಂದ ಷರಾ ಬರೆಸಿ, ತಾರೀಖು ಹಾಕಿಸಿ, ಸಹಿ ಮಾಡಿಸಿದ್ದರೆ ನಿಮಗೆ 2027ರ ಆಗಸ್ಟ್‌ವರೆಗೆ ಅವಧಿ ಇರುತ್ತಿತ್ತು. ನೀವೇ ಡೈರಿಯಲ್ಲಿ ಬರೆದುಕೊಂಡಿದ್ದರೆ ಅದಕ್ಕೆ ಆ ಬೆಲೆ ಇಲ್ಲ. ನೆಂಟರ ಹತ್ತಿರ ಸಹಿ ಕೇಳಲು ಸಂಕೋಚ ಆಗುತ್ತದೆ, ಗೊತ್ತು. ನನ್ನ ಬಳಿ ಬರುವ ಕೈಸಾಲದ ವ್ಯಾಜ್ಯಗಳಲ್ಲಿ ಜಾಸ್ತಿ ನಷ್ಟ ಆಗುವುದು ಇದೇ ಸಂಕೋಚದಿಂದ.

ಇನ್ನು ಮಾರ್ಚ್ 18ರ ಸಂದೇಶ. 18ನೇ ಸೆಕ್ಷನ್ ಪ್ರಕಾರ, ಅವಧಿ ಮುಗಿಯುವ ಮೊದಲೇ ಸಾಲಗಾರ ತನ್ನ ಹೊಣೆಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ, ಸಹಿಯ ದಿನದಿಂದ ಹೊಸ ಅವಧಿ ಶುರುವಾಗುತ್ತದೆ. ಮಾರ್ಚ್ 18 ಎಂದರೆ ಜೂನ್ 10ಕ್ಕಿಂತ ಮೊದಲು. ಮೊತ್ತ ಬರೆದಿಲ್ಲ ಎಂದು ಹೆದರಬೇಡಿ, ಒಪ್ಪಿಗೆಯಲ್ಲಿ ಮೊತ್ತ ಇರಲೇಬೇಕೆಂದಿಲ್ಲ. ‘ಬಾಕಿ ಇದೆ, ಆದರೆ ಈಗ ಕೊಡಲ್ಲ’ ಎಂದು ಬರೆದಿದ್ದರೂ ಅದು ಒಪ್ಪಿಗೆಯೇ. ನಿಮ್ಮ ಸಂದೇಶದಲ್ಲಿ ‘ನಿಮ್ಮ ದುಡ್ಡು ಬಾಕಿ ಇದೆ’ ಎಂದು ಸ್ಪಷ್ಟವಾಗಿದೆ. ಬರೀ ‘ಸ್ವಲ್ಪ ಟೈಮ್ ಕೊಡಿ’ ಎಂದಿದ್ದರೆ ಯಾವುದಕ್ಕೆ ಟೈಮ್ ಎಂಬ ವಾದ ಏಳುತ್ತಿತ್ತು.

ತಕರಾರು ಬರುವುದು ಸಹಿಯ ಮೇಲೆ. ವಾಟ್ಸಾಪ್‌ನಲ್ಲಿ ಸಹಿ ಎಲ್ಲಿದೆ ಎಂದು ಎದುರು ವಕೀಲರು ಕೇಳುತ್ತಾರೆ. ನಿಮ್ಮ ಪರವಾಗಿ ಹೇಳಲು ಮಾತಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಯನ್ನೂ ಬರಹ ಎಂದು ಒಪ್ಪುತ್ತದೆ. ಇಮೇಲ್‌ನಲ್ಲಿ ಸಾಲ ಒಪ್ಪಿಕೊಂಡದ್ದು 18ನೇ ಸೆಕ್ಷನ್ನಿಗೆ ಸಾಕು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಂದು ಕಂಪನಿ ಪ್ರಕರಣದಲ್ಲಿ ಹೇಳಿದೆ. ವಾಟ್ಸಾಪ್‌ಗೂ ಅದೇ ತರ್ಕ ಹಿಡಿದು ವಾದಿಸಬಹುದು. ಗೆದ್ದೇ ಗೆಲ್ಲುತ್ತೀರಿ ಎಂದು ಮಾತ್ರ ನಾನು ಹೇಳಲಾರೆ. ಸ್ಕ್ರೀನ್‌ಶಾಟಿನ ಪ್ರಿಂಟು ಒಂದನ್ನೇ ಕೊಟ್ಟರೆ ಆಗದು. ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಆ ನಂಬರ್ ಅವನದೇ ಎಂದೂ ತೋರಿಸಬೇಕು. ಅದೇ ನಂಬರಿನಿಂದ ಬಂದ ಬೇರೆ ಸಂದೇಶಗಳನ್ನೂ ಇಟ್ಟುಕೊಳ್ಳಿ.

ನ್ಯಾಯಾಲಯ ಇದನ್ನು ಒಪ್ಪಿದರೆ ನಿಮ್ಮ ಅವಧಿ 2028ರ ಮಾರ್ಚ್ 18ರವರೆಗೆ. ದಾವಾಪತ್ರದಲ್ಲೇ ಈ ಸಂದೇಶದ ತಾರೀಖು ಹೇಳಿ, ‘ಇದರಿಂದ ಅವಧಿ ಉಳಿದಿದೆ’ ಎಂದು ಬರೆಸಿ. ಬರೆಯದೆ ಬಿಟ್ಟರೆ ದಾವಾಪತ್ರ ಓದಿದ ಕೂಡಲೇ ಅವಧಿ ಮೀರಿದಂತೆ ಕಾಣುತ್ತದೆ. ವಿಚಾರಣೆಗೂ ಮೊದಲೇ ಅದನ್ನು ತಿರಸ್ಕರಿಸಿ ಎಂದು ಎದುರಾಳಿ ಅರ್ಜಿ ಹಾಕುತ್ತಾನೆ.

ಜುಲೈನಲ್ಲಿ ಬಾಯಲ್ಲಿ ‘ಕೊಡ್ತೀನಿ’ ಅಂದದ್ದರಿಂದ ಏನೂ ಸಿಗದು. ಅದೇ ಮಾತನ್ನು ಬರೆದು ಸಹಿ ಹಾಕಿಕೊಟ್ಟರೆ ಕಥೆ ಬೇರೆ. ಅವಧಿ ಮೀರಿದ ಸಾಲವನ್ನೂ ತೀರಿಸುತ್ತೇನೆಂದು ಸಹಿ ಮಾಡಿ ಬರೆದುಕೊಟ್ಟ ಮಾತು ಕರಾರು ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಹೊಸ ಕರಾರಾಗುತ್ತದೆ. ಅವಧಿ ಮುಗಿದ ಮೇಲೆ ‘ಬಾಕಿ ಇದೆ’ ಎಂದಷ್ಟೇ ಬರೆದರೆ ಸಾಲದು, ‘ಕೊಡುತ್ತೇನೆ’ ಎಂಬ ಮಾತು ಇರಲೇಬೇಕು. ಇದು ಸಾಧ್ಯ, ಯಾಕೆಂದರೆ ಅವಧಿ ಮೀರಿದರೆ ಸಾಲದಲ್ಲಿ ಹೋಗುವುದು ದಾವೆಯ ದಾರಿ ಮಾತ್ರ, ಸಾಲ ಅಳಿಯುವುದಿಲ್ಲ. ಅವನಾಗಿಯೇ ಕೊಟ್ಟರೆ ನೀವು ಇಟ್ಟುಕೊಳ್ಳಬಹುದು. ಜಮೀನಿನ ವಿಷಯದಲ್ಲಿ ಇಷ್ಟು ಸಮಾಧಾನವೂ ಇಲ್ಲ. ಸ್ವಾಧೀನ ಕೇಳುವ ಅವಧಿ ಮುಗಿದರೆ ಜಮೀನಿನ ಮೇಲಿನ ಹಕ್ಕೇ ಹೋಗುತ್ತದೆ.

ಹಾಗಾಗಿ ಮೊದಲು ಅವನನ್ನು ಕೂರಿಸಿಕೊಂಡು ಉಳಿದ ಮೂರೂವರೆ ಲಕ್ಷಕ್ಕೆ, ವಾಯಿದೆ ಹಾಕಿ, ಹೊಸ ಪ್ರೋನೋಟು ಬರೆಸಿಕೊಳ್ಳಲು ನೋಡಿ. ಬಡ್ಡಿ ಇದ್ದರೆ ಅದನ್ನೂ ಸೇರಿಸಿ. ಕೊಟ್ಟರೆ ವಾಟ್ಸಾಪ್ ವಾದವೇ ಬೇಡ. ಒಪ್ಪದಿದ್ದರೆ 2028ರವರೆಗೆ ಕಾಯಬೇಡಿ, ಹಳೆಯ ಪ್ರೋನೋಟು ಮತ್ತು ಆ ಫೋನ್ ಎರಡನ್ನೂ ತೆಗೆದುಕೊಂಡು ಈ ತಿಂಗಳೇ ನಿಮ್ಮ ವಕೀಲರ ಬಳಿ ಹೋಗಿ ದಾವೆ ಹಾಕಿಸಿ.