ಎಂಬತ್ತನಾಲ್ಕು ಪದ ಹಿಡಿಸಿದ ಕಲ್ಲು

ಪ್ರಶ್ನೆ: ನಮ್ಮ ಅಮ್ಮನ ಸಮಾಧಿ ಕಲ್ಲಿಗೆ ನಾಲ್ಕು ಸಾಲು ಬರೆಸಬೇಕು. ಚಿಕ್ಕದಾಗಿ, ಅರ್ಥ ಇರೋ ಹಾಗೆ, ಗೌರವವಾಗಿ ಇರಬೇಕು. ಕವನ ಒಳ್ಳೇದಾ, ಗೀತೆಯ ಶ್ಲೋಕ ಒಳ್ಳೇದಾ? ಅಂಗಡಿಯವರು ಎಷ್ಟು ಅಕ್ಷರ ಕೊಟ್ಟರೂ ಹಿಡಿಸ್ತೀವಿ ಅಂತಿದ್ದಾರೆ.

ಹಾಸನದ ಒಂದು ಗ್ರಾನೈಟ್ ಅಂಗಡಿಯಲ್ಲಿ ನನಗೂ ಇದನ್ನೇ ಹೇಳಿದ್ದರು. ಹಿಡಿಸಿಯೂ ಕೊಟ್ಟರು. ಎಂಬತ್ತನಾಲ್ಕು ಪದ.

ಅಪ್ಪ ಹೋಗಿದ್ದು 2011ರ ಆಷಾಢದಲ್ಲಿ. ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ತೋಟದ ಮೂಲೆಯಲ್ಲಿ, ಅವರೇ ತೋಡಿಸಿದ ಸಣ್ಣ ಕೆರೆಯ ಪಕ್ಕ ಮಣ್ಣು ಮಾಡಿದೆವು. ಮುಂದಿನ ವರ್ಷದ ತಿಥಿ ಹೊತ್ತಿಗೆ ಕಲ್ಲು ನಿಲ್ಲಿಸಬೇಕು ಅಂತ ಆಯಿತು. ಬರಹ ಬರೆಯುವ ಕೆಲಸ ನನ್ನ ತಲೆಗೆ ಬಂತು, ಮನೆಯಲ್ಲಿ ಬಿ.ಎ. ಓದಿದವನು ನಾನೊಬ್ಬನೇ ನೋಡಿ.

ನಾನು ಮಾಡಿದ ತಪ್ಪು ಒಂದೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಮೊದಲು ಬರಹ ಬರೆದೆ, ಆಮೇಲೆ ಅದಕ್ಕೆ ತಕ್ಕಂತೆ ಅಕ್ಷರದ ಗಾತ್ರ ಇಳಿಸಲು ಒಪ್ಪಿಕೊಂಡೆ. ಆಗಬೇಕಿದ್ದದ್ದು ತಿರುಗಾಮುರುಗಾ. ಅಕ್ಷರದ ಗಾತ್ರ ಮೊದಲು ಗಟ್ಟಿ ಮಾಡಿಕೊಳ್ಳಬೇಕು, ಅದರಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ ನಿಮ್ಮ ಮಾತು.

ಲೆಕ್ಕ ಹೇಳುತ್ತೇನೆ. ಕಲ್ಲು ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರ. ಸುತ್ತ ಎರಡೆರಡು ಇಂಚು ಅಂಚು ಬಿಟ್ಟರೆ ಉಳಿಯೋದು 20 ಇಂಚು ಅಗಲ, 26 ಇಂಚು ಎತ್ತರ. ಫೋಟೋಗೆ ಹತ್ತು ಇಂಚು ಹೋಯಿತು, ದೊಡ್ಡ ಅಕ್ಷರದ ಹೆಸರಿಗೆ ಮೂರು. ಉಳಿದ ಹದಿಮೂರು ಇಂಚಿನಲ್ಲಿ ಎಂಬತ್ತನಾಲ್ಕು ಪದ ಕೂರಬೇಕು. ಅಂದರೆ ಹನ್ನೆರಡು ಸಾಲು, ಅಕ್ಷರ ಅರ್ಧ ಇಂಚು.

ಅರ್ಧ ಇಂಚು ಕಾಗದದಲ್ಲಿ ದೊಡ್ಡದೇ. ಕಲ್ಲಿನಲ್ಲಿ ಅಲ್ಲ. ಕನ್ನಡ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಆ ಒತ್ತಿಗೆ ಜಾಗ ಬಿಡಬೇಕಾದ್ದರಿಂದ ಒಂದು ಸಾಲಿಗೆ ಅಕ್ಷರದ ಎತ್ತರದ ಎರಡರಷ್ಟು ಜಾಗ ಬೇಕು. ಒತ್ತು ಮೂಲ ಅಕ್ಷರಕ್ಕಿಂತ ಚಿಕ್ಕದು, ಹಾಗಾಗಿ ಅರ್ಧ ಇಂಚಿನ ಸಾಲಿನಲ್ಲಿ ಅದು ಕಾಲು ಇಂಚಿಗೆ ಇಳಿಯುತ್ತದೆ. ಅದರ ಗೀರು ಸೂಜಿಯಲ್ಲಿ ಎಳೆದ ಹಾಗೆ. ಗೀರು ಸಣ್ಣದಾದರೆ ಆಳವೂ ಹೋಗುವುದಿಲ್ಲ. ಆಳ ಮಾಡಲು ಹೋದರೆ ಪಕ್ಕದ ಕಲ್ಲು ಸಿಡಿಯುತ್ತದೆ, ಥ, ಠ ಥರದ ಅಕ್ಷರದೊಳಗಿನ ಚುಕ್ಕೆ ಹಾರಿಹೋಗುತ್ತದೆ. ಅಂಗಡಿಯವರು ಸ್ಟಿಕ್ಕರ್ ಅಂಟಿಸಿ, ಮೆಷಿನ್‌ನಲ್ಲಿ ಮರಳು ಊದಿ ಮೇಲೆ ಮೇಲೆ ಕೊರೆದು, ಅದಕ್ಕೆ ಚಿನ್ನದ ಬಣ್ಣ ತುಂಬಿ ಕೊಟ್ಟರು. ಅಂಗಡಿಯಲ್ಲಿ ನೋಡಿದಾಗ ಫಳಫಳ ಅಂತಿತ್ತು.

ಎರಡು ಮಳೆಗಾಲ. ನಮ್ಮ ಕಡೆ ಮಳೆ ಹೇಗೆ ಅಂತ ನಿಮಗೆ ಗೊತ್ತಲ್ವಾ. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಹೋಯಿತು. ಗೀರಿನೊಳಗೆ ಪಾಚಿ ಕೂತಿತು. ಮೂರನೇ ವರ್ಷದ ತಿಥಿಗೆ ಅಕ್ಕನ ಮಗ ಬಂದಿದ್ದ, ಆಗ ತಾನೇ ಓದಲು ಕಲಿತ ಹುಡುಗ. ಕಲ್ಲಿನ ಮುಂದೆ ಕೂತು ಬೆರಳಿಟ್ಟು ಓದುತ್ತಿದ್ದವನು ಕೇಳಿದ, "ಮಾವ, ಇಲ್ಲಿ ದನ ಅಂತ ಯಾಕಿದೆ?"

ಹೋಗಿ ನೋಡಿದರೆ ಅಲ್ಲಿದ್ದದ್ದು "ನಿಧನರಾದರು". ಜಾಗ ಸಾಲದೆ ಅಂಗಡಿಯವರು "ನಿ" ಅನ್ನು ಒಂದು ಸಾಲಿನ ಕೊನೆಗೂ "ಧನರಾದರು" ಅನ್ನು ಮುಂದಿನ ಸಾಲಿಗೂ ಹಾಕಿದ್ದರು. ಧ ಅಕ್ಷರದ ಹೊಟ್ಟೆ ಸೀಳು ಪಾಚಿಯಲ್ಲಿ ಮುಚ್ಚಿಹೋಗಿತ್ತು. ಅಪ್ಪ ದನರಾಗಿದ್ದರು. ಅಮ್ಮ ಅಲ್ಲೇ ನಿಂತಿದ್ದರು, ಏನೂ ಹೇಳಲಿಲ್ಲ.

ದ-ಧ, ಡ-ಢ, ಪ-ಫ, ಬ-ಭ, ಇವೆಲ್ಲ ಒಂದು ಸಣ್ಣ ಗೀರಿನ ಮೇಲೆ ನಿಂತಿವೆ. ಕೆ ಮತ್ತು ಕೇ ನಡುವೆ ಒಂದು ದೀರ್ಘ, ಅಷ್ಟೇ. ಆ ಗೀರು ಮೂವತ್ತು ವರ್ಷ ಉಳಿಯುವಷ್ಟು ದೊಡ್ಡದಾಗಿದೆಯಾ ಅನ್ನೋದೇ ನಿಮ್ಮ ಮೊದಲ ಪ್ರಶ್ನೆ ಆಗಬೇಕಿತ್ತು. ಕವನವಾ ಶ್ಲೋಕವಾ ಅನ್ನೋದು ಆಮೇಲಿನ ಮಾತು. ಶ್ಲೋಕ ನನ್ನನ್ನು ಕೇಳಿದರೆ ಬೇಡವೇ ಬೇಡ. ಎಲ್ಲರೂ ಹಾಕಿಸುವ "ನೈನಂ ಛಿಂದಂತಿ" ತಗೊಳ್ಳಿ, ಅದರಲ್ಲಿ "ಶಸ್ತ್ರಾಣಿ" ಇದೆ. ಸ ಕೆಳಗೆ ತ, ಅದರ ಕೆಳಗೆ ರ. ಎರಡು ಒತ್ತು ಒಂದರ ಮೇಲೊಂದು. ಅದಕ್ಕೆ ಜಾಗ ಕೊಡಲು ಇಡೀ ಕಲ್ಲಿನ ಅಕ್ಷರ ಕುಗ್ಗಿಸಬೇಕು. ಮೇಲಾಗಿ ಅದು ಯಾರ ಸಮಾಧಿಗೂ ಆಗುತ್ತದೆ, ನಿಮ್ಮ ಅಮ್ಮನದ್ದು ಅಂತ ಏನೂ ಹೇಳುವುದಿಲ್ಲ.

ಆ ಎಂಬತ್ತನಾಲ್ಕು ಪದದಲ್ಲಿ ಏನಿತ್ತು ಅಂತ ಕೇಳ್ತೀರಾ? "ಕೊಡುಗೈ ದಾನಿಗಳೂ ಪ್ರಗತಿಪರ ಕೃಷಿಕರೂ ಸರಳ ಸಜ್ಜನರೂ ಆದ", ಆಮೇಲೆ "ತುಂಬಲಾರದ ನಷ್ಟ", ಕೊನೆಗೆ "ದುಃಖತಪ್ತ ಮಡದಿ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು". ಪೇಪರಿನ ಶ್ರದ್ಧಾಂಜಲಿ ಜಾಹೀರಾತಿನ ಭಾಷೆ. ಒಂದು ದಿನದ ಪೇಪರಿಗೆ ಸರಿ. ಕಲ್ಲಿನ ಮೇಲೆ ನಾವು ಇವತ್ತಿಗೂ ದುಃಖತಪ್ತರು! ಮೊನ್ನೆ ಅದೇ ಕೆರೆ ಏರಿ ಮೇಲೆ ಕೂತು ಹೋಳಿಗೆ ತಿಂದೆವು.

ಎರಡನೇ ಕಲ್ಲು ಹಾಕಿಸೋಣ ಅಂದುಕೊಂಡ ವರ್ಷ ಮನೆಯವರೆಲ್ಲ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಗೊಮ್ಮಟನ ಕಾಲ ಬಳಿ ಒಂದು ಬರಹ ಇದೆ, ನೀವೂ ನೋಡಿರುತ್ತೀರಿ. "ಶ್ರೀ ಚಾವುಣ್ಡರಾಜಂ ಮಾಡಿಸಿದಂ." ಮೂರು ಪದ. ಸುಮಾರು 58 ಅಡಿಯ ಮೂರ್ತಿ ನಿಲ್ಲಿಸಿದ ಮನುಷ್ಯ ಅಲ್ಲಿ ಕನ್ನಡದಲ್ಲಿ ಬರೆಸಿದ್ದು ಅಷ್ಟೇ. ಗುಣಗಾನ ಇಲ್ಲ. ಯಾರು, ಏನು ಮಾಡಿದರು. ಸಾವಿರ ವರ್ಷ ದಾಟಿದೆ, ಹಳಗನ್ನಡ ಬಾರದ ನನಗೂ ಅರ್ಥವಾಯಿತು. ಎದುರಿನ ಚಂದ್ರಗಿರಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಇದೆ, ಅದೂ ತೀರಿಕೊಂಡ ಮುನಿಯ ನೆನಪಿನದ್ದೇ. ಸಂಸ್ಕೃತ ಶ್ಲೋಕಗಳು ಕಂಬದ ತುಂಬ. ಘನವಾದದ್ದು, ಇಲ್ಲ ಅನ್ನಲ್ಲ. ಆದರೆ ಅದಕ್ಕೆ ಕಂಬವೇ ಬೇಕಾಯಿತು, ಓದಲು ಪಂಡಿತರೂ ಬೇಕು.

ಅಲ್ಲಿಂದ ಬಂದವನೇ ಬೇಲೂರು ಕಡೆಯ ಒಬ್ಬ ಹಿರಿಯ ಆಚಾರರನ್ನು ಹುಡುಕಿಕೊಂಡು ಹೋದೆ. ಅವರು ಬರಹ ಏನು ಅಂತ ಕೇಳಲೇ ಇಲ್ಲ. "ಎಷ್ಟು ದೂರ ನಿಂತು ಓದ್ತಾರೆ?" ಅಂದರು. ಕೆರೆ ಏರಿಯಿಂದ, ಒಂದು ಹತ್ತು ಹನ್ನೆರಡು ಅಡಿ ಅಂದೆ. "ಹಂಗಾದ್ರೆ ಒಂದೂವರೆ ಇಂಚು ಅಕ್ಷರ. ಸಾಲಿಗೆ ಮೂರು ಇಂಚು. ನಿಮ್ಮ ಕಲ್ಲಲ್ಲಿ ಎಂಟು ಸಾಲು ಬರ್ತದೆ, ಸಾಲಿಗೆ ಹತ್ತು ಅಕ್ಷರ. ಹೋಗಿ ಬರ್ಕೊಂಡ್ ಬನ್ನಿ." ಫೋಟೋ ಬೇಡ ಅಂದರು, ನನಗೂ ಸರಿ ಅನಿಸಿತು. ಬಣ್ಣ ಇಲ್ಲದೆ ನೆರಳಿನಿಂದಲೇ ಓದಬೇಕಾದರೆ ಗೀರಿನ ಅಗಲದ ಅರ್ಧದಷ್ಟಾದರೂ ಆಳ ಬೇಕಂತೆ. ಹೊಳಪು ಕೊಡದ ಬೂದು ಕಲ್ಲು, ಉಳಿ ಸುತ್ತಿಗೆಯ ಕೆಲಸ.

ಹತ್ತು ಅಕ್ಷರದ ಸಾಲು ಬರೆಯಲು ಕೂತಾಗ ಗೊತ್ತಾಯಿತು, ಗುಣವಾಚಕ ಎಲ್ಲ ತಾನಾಗಿ ಉದುರಿ ಹೋಗುತ್ತದೆ ಅಂತ. ನಾನು ಬರೆದದ್ದು "ಈ ಕೆರೆ ಕಟ್ಟಿಸಿ ತೋಟ ಮಾಡಿದವರು". ಚಿಕ್ಕಪ್ಪ ಓದಿ, "ತೋಟ ನಿಮ್ಮಪ್ಪ ಒಬ್ನೇ ಮಾಡಿದ್ನೇನೋ? ನಾನೇನು ಕಾಯ್ತಾ ಕೂತಿದ್ನಾ?" ಅಂದರು. ಮಾತು ನ್ಯಾಯವಾಗಿತ್ತು. ತೋಟ ತೆಗೆದೆ. ಕೆರೆಯ ಬಗ್ಗೆ ಯಾರದ್ದೂ ತಕರಾರಿರಲಿಲ್ಲ, ಅದಕ್ಕೆ ಸಾಲ ಮಾಡಿದ್ದು ಅಪ್ಪನೇ. ಆಚಾರರು ಇನ್ನೊಂದು ಹೇಳಿದರು. "ಕಟ್ಟಿಸಿದವರು" ಅಂದರೆ ಒಂದು ಒತ್ತು ಬರುತ್ತದೆ, "ತೋಡಿಸಿದವರು" ಅನ್ನಿ, ಒತ್ತಿಲ್ಲ, ಸಾಲು ಹಗುರ ಕೂರುತ್ತದೆ. ನಮ್ಮ ಮನೆಯಲ್ಲಿ ಆಡುವ ಮಾತೂ ಅದೇ ಆಗಿತ್ತು. ಒಂಬತ್ತು ಅಕ್ಷರ.

ಹೀಗೆ ನಿಂತದ್ದು ನಾಲ್ಕು ಸಾಲು. ಮೇಲೆ ಅಪ್ಪನ ಹೆಸರು. ಎರಡನೆಯದು ಊರು, ಅಜ್ಜನ ಹೆಸರು. ಮೂರನೆಯದು "ಈ ಕೆರೆ ತೋಡಿಸಿದವರು". ನಾಲ್ಕನೆಯದು "1944–2011".

ಹೆಸರಿನ ವಿಷಯದಲ್ಲಿ ಒಂದು ಮಾತು. ಇನಿಷಿಯಲ್ ಹಾಕಿಸಬೇಡಿ. ಹೆಚ್. ಅಂದರೆ ಯಾವ ಊರು, ಎಂ. ಅಂದರೆ ಯಾರು ಅಂತ ನಮಗೆ ಗೊತ್ತು, ನಮ್ಮ ಮೊಮ್ಮಕ್ಕಳಿಗೆ ಗೊತ್ತಿರಲ್ಲ. ನಿಮ್ಮದು ಅಮ್ಮನ ಕಲ್ಲು, ಹಾಗಾಗಿ ಇನ್ನೂ ಜಾಸ್ತಿ ಹೇಳುತ್ತೇನೆ: "ಇಂಥವರ ಧರ್ಮಪತ್ನಿ" ಅಂತ ಶುರು ಮಾಡಬೇಡಿ. ಅವರ ಹೆಸರು ಮೊದಲು ಬರಲಿ, ಪೂರ್ತಿ. ತವರೂರಿಗೂ ಜಾಗ ಇರಲಿ. ಸಂವತ್ಸರ ಹಾಕಿಸುವುದಾದರೆ ಇಸವಿ ಬಿಡಬೇಡಿ. ಅಪ್ಪ ಹೋದದ್ದು ಖರ ಸಂವತ್ಸರದಲ್ಲಿ. ಬರೀ ಖರ ಅಂದಿದ್ದರೆ ಅದು 1951ಕ್ಕೂ ಆಗುತ್ತದೆ, 2071ಕ್ಕೂ ಆಗುತ್ತದೆ.

ನಾಲ್ಕು ಸಾಲಲ್ಲಿ ಒಂದು ಮಾತ್ರ ನಿಮ್ಮದು, ಉಳಿದದ್ದು ವಿವರ. ಆ ಒಂದಕ್ಕೆ ಕವನ ಹುಡುಕಬೇಡಿ, ಕ್ರಿಯಾಪದ ಹುಡುಕಿ. ಅಮ್ಮ ಏನು ಮಾಡಿದರು? ಸಾಕಿದರು, ಓದಿಸಿದರು, ನೆಟ್ಟರು, ಹೆರಿಗೆ ಮಾಡಿಸಿದರು. ಮನೆಯವರೆಲ್ಲ ಹೌದು ಅನ್ನುವಂಥದ್ದು, ಬೇರೆಯವರ ಕಲ್ಲಿಗೆ ಹೊಂದದಂಥದ್ದು. ಬರೆದ ಮೇಲೆ ಹಳೆ ಕ್ಯಾಲೆಂಡರ್ ಹಿಂಬದಿಯಲ್ಲಿ ನಿಜವಾದ ಗಾತ್ರದಲ್ಲೇ ಬರೆದು ಗೋಡೆಗೆ ಅಂಟಿಸಿ. ಸಂಜೆ ಹೊತ್ತು ಹನ್ನೆರಡು ಅಡಿ ದೂರ ನಿಂತು, ವಿಷಯ ಗೊತ್ತಿಲ್ಲದ ಯಾರ ಹತ್ತಿರವಾದರೂ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಆ ಪದ ಬದಲಾಯಿಸಿ. ಸಾಲು ಎಲ್ಲಿ ಮುರಿಯಬೇಕು ಅಂತ ನೀವೇ ಗೆರೆ ಎಳೆದು ಕೊಡಿ, ಅಂಗಡಿಯವರಿಗೆ ಬಿಡಬೇಡಿ. ದನದ ಕಥೆ ಹೇಳಿದೆನಲ್ಲ.

ಕಲ್ಲನ್ನು ನಿಲ್ಲಿಸಿ, ಮಲಗಿಸಬೇಡಿ. ಮಲಗಿಸಿದರೆ ಅಕ್ಷರದೊಳಗೆ ನೀರು ನಿಲ್ಲುತ್ತದೆ, ಎಲೆ ಕೊಳೆಯುತ್ತದೆ. ಪಾಚಿಗೆ ಮೆತ್ತಗಿನ ಬ್ರಷ್, ನೀರು ಸಾಕು. ನಾನು ಹಳೆ ಕಲ್ಲಿಗೆ ಆ್ಯಸಿಡ್ ಹಾಕಿ ಹಳದಿ ಕಲೆ ಮಾಡಿಕೊಂಡೆ. ಆ ಕಲ್ಲು ಈಗ ಪಂಪ್‌ಹೌಸ್ ಬಾಗಿಲಲ್ಲಿದೆ, ಬರಹ ಕೆಳಗೆ ಮಾಡಿ ಹಾಸಿದ್ದೇವೆ.

ಹೊಸ ಕಲ್ಲಿಗೆ ಈಗ ಹತ್ತು ಮಳೆಗಾಲವಾಗುತ್ತಾ ಬಂತು. ಏರಿ ಮೇಲಿಂದ ಓದಬಹುದು. ಎಂಟು ಸಾಲಿನ ಜಾಗದಲ್ಲಿ ನಾಲ್ಕು ಖಾಲಿ ಇದೆ. ಅಲ್ಲೊಂದು ದೀಪ ಕೆತ್ತಿಸೋಣವಾ ಅಂತ ಕಲ್ಲು ನಿಲ್ಲಿಸಿದ ದಿನ ಅಣ್ಣ ಕೇಳಿದ್ದ. ಅಮ್ಮ ಸೆರಗಿನಲ್ಲಿ ಕಲ್ಲಿನ ಧೂಳು ಒರೆಸುತ್ತಾ ಹೇಳಿದರು, "ಸುಮ್ನೆ ಬಿಡ್ರೋ. ನಂಗೆ ಎರಡು ಸಾಲು ಬೇಕು."