‘ಟು’ ಬಂದಲ್ಲೆಲ್ಲ ಮೂಲ ಕ್ರಿಯಾಪದವೇ ಬರಬೇಕೆಂದಿಲ್ಲ

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಮೈಸೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಅರ್ಜಿಯ ಕೊನೆಗೆ ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯೂ’ ಎಂದು ಬರೆದಿದ್ದೆ. ನಮ್ಮಕ್ಕ ಅದನ್ನು ‘ಹಿಯರಿಂಗ್’ ಎಂದು ತಿದ್ದಿದಳು. ‘ಟು’ ಆದ ಮೇಲೆ ವಿ-ಒನ್ ಬರಬೇಕು, ಒಂದೇ ವಾಕ್ಯದಲ್ಲಿ ಎರಡು ‘ಇಂಗ್’ ಬರಬಾರದು ಎಂದು ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದಾರೆ. ಯಾರದು ಸರಿ ಸರ್? ಅರ್ಜಿಯನ್ನೂ ಕಳಿಸಿದ್ದೇನೆ, ನೋಡಿ. (ಓದುಗರು, ಮಂಡ್ಯ)

ಉತ್ತರ: ನಿಮ್ಮ ಅಕ್ಕ ತಿದ್ದಿದ್ದೇ ಸರಿ. ಕೋಚಿಂಗ್‌ನಲ್ಲಿ ಹೇಳಿಕೊಟ್ಟ ಎರಡು ಮಾತುಗಳಲ್ಲಿ ಮೊದಲನೆಯದು ಅರ್ಧ ಸತ್ಯ, ಎರಡನೆಯದು ಶುದ್ಧ ಸುಳ್ಳು. ಪ್ರತಿ ತಿಂಗಳು ನನಗೆ ಬರುವ ಪತ್ರಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಕಾರಣ ಹುಡುಕಿದರೆ ಪ್ರತಿ ಸಲವೂ ಅದೇ ‘ಟು ಪ್ಲಸ್ ವಿ-ಒನ್’ ಸೂತ್ರ ಎದುರಾಗುತ್ತದೆ. ಅದನ್ನು ಬೋರ್ಡಿನ ಮೇಲೆ ಬರೆದು, ಚೌಕ ಹಾಕಿ, ಅದಕ್ಕೆ ಅಪವಾದವೇ ಇಲ್ಲವೆಂಬಂತೆ ಬಾಯಿಪಾಠ ಮಾಡಿಸುವವರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ, ಏಕೆಂದರೆ ಒಮ್ಮೆ ಹೀಗೆ ಕಲಿತ ಮಕ್ಕಳು ಸರಿಯಾದ ವಾಕ್ಯವನ್ನು ಕಂಡಾಗಲೂ ಅದನ್ನು ತಪ್ಪಾಗಿ ತಿದ್ದುತ್ತಾರೆ.

ಇಂಗ್ಲಿಷಿನ ‘ಟು’ ಇಂದು ಎರಡು ಕೆಲಸ ಮಾಡುತ್ತದೆ. ಒಂದು ಕಡೆ ಅದು ಕ್ರಿಯಾಪದದ ಮೂಲರೂಪಕ್ಕೆ ಅಂಟಿಕೊಂಡು ಬರುವ ಗುರುತು. ‘ಐ ವಾಂಟ್ ಟು ಗೋ’, ‘ಶಿ ಡಿಸೈಡೆಡ್ ಟು ಸ್ಟೇ’ ಎನ್ನುವಾಗ ಇರುವುದು ಈ ‘ಟು’. ಇನ್ನೊಂದು ಕಡೆ ಅದು ‘ಇನ್’, ‘ಆಫ್’, ‘ಫಾರ್’ ಇವುಗಳ ಹಾಗೆ ಬರಿಯ ಪ್ರಿಪೊಸಿಷನ್, ಅಂದರೆ ತನ್ನ ಮುಂದೆ ಒಂದು ನಾಮಪದವನ್ನು ಬೇಡುವ ಪದ. ಪ್ರಿಪೊಸಿಷನ್ ಆದ ಮೇಲೆ ಕ್ರಿಯೆಯನ್ನು ಹೇಳಲೇಬೇಕಾಗಿ ಬಂದರೆ ಆ ಕ್ರಿಯೆ ನಾಮಪದದ ವೇಷ ತೊಡಬೇಕು, ಇಂಗ್ಲಿಷಿನಲ್ಲಿ ಆ ವೇಷವೇ ‘ಇಂಗ್’. ‘ಇಂಟರೆಸ್ಟೆಡ್ ಇನ್ ಲರ್ನ್’ ಎಂದು ನೀವು ಎಂದೂ ಬರೆಯುವುದಿಲ್ಲ, ‘ಇಂಟರೆಸ್ಟೆಡ್ ಇನ್ ಲರ್ನಿಂಗ್’ ಎಂದೇ ಬರೆಯುತ್ತೀರಿ. ‘ಲುಕ್ ಫಾರ್ವರ್ಡ್ ಟು ಹಿಯರಿಂಗ್’ ಎನ್ನುವುದಕ್ಕೂ ಕಾರಣ ಅದೇ.

ನಮ್ಮವರು ಇಲ್ಲಿಯೇ ಎಡವುವುದಕ್ಕೆ ನಮ್ಮ ಆಡುಮಾತೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ‘ಐದು ಗಂಟೆಗೆ ಏಳೋದಕ್ಕೆ ಅಲಾರಂ ಇಟ್ಟೆ’ ಎನ್ನುತ್ತೇವೆ, ‘ಐದು ಗಂಟೆಗೆ ಏಳೋದಕ್ಕೆ ರೂಢಿಯಾಗಿದ್ದೇನೆ’ ಎಂದೂ ಎನ್ನುತ್ತೇವೆ. ಎರಡರಲ್ಲೂ ‘ಏಳೋದಕ್ಕೆ’ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದು ಉದ್ದೇಶವಾದ್ದರಿಂದ ‘ಟು ಗೆಟ್ ಅಪ್’ ಆಗುತ್ತದೆ, ಎರಡನೆಯದರಲ್ಲಿ ‘ಯೂಸ್ಡ್’ ಎಂಬುದಕ್ಕೆ ಪ್ರಿಪೊಸಿಷನ್ ಬೇಕಾದ್ದರಿಂದ ‘ಟು ಗೆಟಿಂಗ್ ಅಪ್’ ಆಗುತ್ತದೆ. ನಮಗೆ ಒಂದೇ ರೂಪ ಸಾಕಾಗಿರುವ ಕಡೆ ಅವರು ಎರಡು ಇಟ್ಟುಕೊಂಡಿದ್ದಾರೆ, ಆದ್ದರಿಂದ ಮನಸ್ಸಿನಲ್ಲಿ ಕನ್ನಡ ವಾಕ್ಯವನ್ನಿಟ್ಟುಕೊಂಡು ಪರೀಕ್ಷಿಸಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ಪರೀಕ್ಷೆಯನ್ನು ಇಂಗ್ಲಿಷ್ ವಾಕ್ಯದ ಮೇಲೆಯೇ ಮಾಡಬೇಕು. ‘ಟು’ ಆದ ಮೇಲಿರುವ ಕ್ರಿಯಾಪದವನ್ನೂ ಅದರ ಮುಂದಿನ ಮಾತುಗಳನ್ನೂ ತೆಗೆದು ಆ ಜಾಗದಲ್ಲಿ ‘ಇಟ್’ ಎಂದು ಇಟ್ಟು ಓದಿ. ‘ಐ ವಾಂಟ್ ಟು ಇಟ್’ ಎಂದರೆ ವಾಕ್ಯ ಅಲ್ಲಿಯೇ ಮುರಿಯುತ್ತದೆ. ಅಲ್ಲಿ ಮೂಲರೂಪವೇ ಗತಿ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಇಟ್’ ಎಂದರೆ ಪೂರ್ಣ ವಾಕ್ಯ ನಿಲ್ಲುತ್ತದೆ. ಅಲ್ಲಿ ಕ್ರಿಯೆ ಬಂದರೆ ‘ಇಂಗ್’ ಹಚ್ಚಿಕೊಂಡೇ ಬರಬೇಕು. ಅದೇ ಕಾರಣಕ್ಕೆ ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಎಂಬುದೂ ಸರಿ. ಅನುಮಾನ ಬಂದಾಗ ಹೀಗೆ ನಾಮಪದವನ್ನೇ ಬರೆದು ಮುಗಿಸುವುದು ಕ್ಷೇಮ.

ಈಗ ನಿಮ್ಮ ಅರ್ಜಿಗೆ ಬರೋಣ. ಎರಡನೆಯ ಪ್ಯಾರಾದಲ್ಲಿ ನೀವು ‘ಐ ಯೂಸ್ಡ್ ಟು ವರ್ಕಿಂಗ್ ಇನ್ ಎ ಶುಗರ್ ಫ್ಯಾಕ್ಟರಿ’ ಎಂದೂ, ಅದರ ಮರುಸಾಲಿನಲ್ಲಿ ‘ಐ ಆಮ್ ಯೂಸ್ಡ್ ಟು ವರ್ಕ್ ಇನ್ ನೈಟ್ ಶಿಫ್ಟ್ಸ್’ ಎಂದೂ ಬರೆದಿದ್ದೀರಿ. ಎರಡೂ ತಪ್ಪು, ಅದೂ ಒಂದರ ರೂಪ ಇನ್ನೊಂದಕ್ಕೆ ಹೋಗಿ ಕುಳಿತಿದೆ. ಮೊದಲ ಸಾಲಿನ ‘ಯೂಸ್ಡ್ ಟು’ ಹಿಂದೆ ಇದ್ದು ಈಗ ಇಲ್ಲದ ಸಂಗತಿಯನ್ನು ಹೇಳುತ್ತದೆ, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆ, ಈಗ ಬಿಟ್ಟಿದ್ದೇನೆ ಎಂದು. ಅಲ್ಲಿ ‘ಐ ಯೂಸ್ಡ್ ಟು ಇಟ್’ ಎಂದು ಇಟ್ಟು ನೋಡಿದರೆ ವಾಕ್ಯ ನಿಲ್ಲುವುದಿಲ್ಲ, ಆದ್ದರಿಂದ ‘ವರ್ಕ್’ ಬೇಕು. ಎರಡನೆಯ ಸಾಲಿನಲ್ಲಿ ‘ಆಮ್’ ಬಂದ ಕೂಡಲೇ ಅರ್ಥ ಬದಲಾಗಿ, ರಾತ್ರಿ ಪಾಳಿ ನನಗೆ ಅಭ್ಯಾಸವಾಗಿದೆ ಎಂದಾಗುತ್ತದೆ. ‘ಐ ಆಮ್ ಯೂಸ್ಡ್ ಟು ಇಟ್’ ಎಂಬುದು ಸರಾಗವಾಗಿ ನಿಲ್ಲುತ್ತದೆ, ಆದ್ದರಿಂದ ‘ವರ್ಕಿಂಗ್’ ಬೇಕು. ‘ಆಮ್’ ಬದಲು ‘ಗಾಟ್’ ಬಂದರೂ, ಅಂದರೆ ರೂಢಿ ಮಾಡಿಕೊಂಡೆ ಎಂದು ಹೇಳುವಾಗಲೂ, ‘ವರ್ಕಿಂಗ್’ ಎಂದೇ ಇರಬೇಕು.

ಇಲ್ಲಿಗೆ ನಿಲ್ಲಿಸಿದರೆ ನೀವು ಇನ್ನೊಂದು ಗುಂಡಿಗೆ ಬೀಳುವ ಸಂಭವವಿದೆ. ‘ದಿಸ್ ಮಷೀನ್ ಈಸ್ ಯೂಸ್ಡ್ ಟು ಕ್ರಷ್ ಕೇನ್’ ಎಂಬ ವಾಕ್ಯದಲ್ಲಿಯೂ ‘ಈಸ್ ಯೂಸ್ಡ್ ಟು’ ಇದೆ, ಆದರೂ ‘ಕ್ರಷ್’ ಎಂಬ ಮೂಲರೂಪವೇ ಸರಿ. ಇದು ‘ಯೂಸ್’ ಎಂಬ ಸಾಮಾನ್ಯ ಕ್ರಿಯಾಪದದ ಕರ್ಮಣಿ ಪ್ರಯೋಗ. ಕಬ್ಬು ಅರೆಯಲು ಈ ಯಂತ್ರವನ್ನು ಬಳಸುತ್ತಾರೆ ಎಂದಷ್ಟೇ ಅರ್ಥ. ಇಲ್ಲಿ ‘ಕ್ರಷಿಂಗ್’ ಎಂದು ಬರೆದರೆ ಯಂತ್ರಕ್ಕೆ ಕಬ್ಬು ಅರೆದು ಅರೆದು ಅಭ್ಯಾಸವಾಗಿದೆ ಎಂದು ಓದಿದವರು ತಿಳಿಯುತ್ತಾರೆ. ಕಿವಿಯಿಂದಲೂ ಇದನ್ನು ಪತ್ತೆ ಮಾಡಬಹುದು: ಅಭ್ಯಾಸದ ಅರ್ಥದಲ್ಲಿಯೂ ಹಿಂದೆ ಮಾಡುತ್ತಿದ್ದೆ ಎನ್ನುವ ಅರ್ಥದಲ್ಲಿಯೂ ಆ ಪದ ‘ಯೂಸ್ಟ್’ ಎಂದು ಕೇಳಿಸುತ್ತದೆ, ಬಳಸುತ್ತಾರೆ ಎನ್ನುವಾಗ ‘ಯೂಜ಼್ಡ್’ ಎಂದು ನಡುವೆ ‘ಜ಼’ಕಾರ ಬರುತ್ತದೆ.

ಮೂರನೆಯ ಪ್ಯಾರಾದ ‘ಇನ್ ಅಡಿಷನ್ ಟು ರಿಪೇರ್ ಮೋಟರ್ಸ್’ ಎಂಬುದನ್ನು ‘ರಿಪೇರಿಂಗ್’ ಎಂದು ತಿದ್ದಿಕೊಳ್ಳಿ. ‘ಇನ್ ಅಡಿಷನ್ ಟು ಇಟ್’ ಎಂದು ನಿಲ್ಲುವುದರಿಂದ ಅದು ಪ್ರಿಪೊಸಿಷನ್ನೇ. ಅರ್ಜಿಗಳಲ್ಲಿ ಮೇಲಿಂದ ಮೇಲೆ ಬರುವ ‘ಕಮಿಟೆಡ್ ಟು’, ‘ಡೆಡಿಕೇಟೆಡ್ ಟು’, ‘ವಿತ್ ಎ ವ್ಯೂ ಟು’, ‘ವೆನ್ ಇಟ್ ಕಮ್ಸ್ ಟು’, ‘ಆಬ್ಜೆಕ್ಟ್ ಟು’ ಇವೂ ಇದೇ ಸಾಲಿನವು. ಇವನ್ನು ಪಟ್ಟಿ ಮಾಡಿ ಉರು ಹೊಡೆಯಬೇಡಿ. ಬರೆಯುವ ಕ್ಷಣದಲ್ಲಿ ‘ಇಟ್’ ಇಟ್ಟು ನೋಡುವ ಅಭ್ಯಾಸ ಮಾಡಿಕೊಂಡರೆ ಪಟ್ಟಿಯಲ್ಲಿ ಇಲ್ಲದ್ದಕ್ಕೂ ಅದು ಕೆಲಸಕ್ಕೆ ಬರುತ್ತದೆ.

ಆದರೆ ಈ ಪರೀಕ್ಷೆಗೆ ಒಂದು ಮಿತಿಯಿದೆ, ಅದನ್ನು ಮುಚ್ಚಿಡುವುದು ನನಗೆ ಇಷ್ಟವಿಲ್ಲ. ನಿಮ್ಮ ಅರ್ಜಿಯಲ್ಲಿಯೇ ‘ಐ ಅಗ್ರೀ ಟು ಜಾಯಿನ್ ಇಮ್ಮೀಡಿಯೆಟ್ಲಿ’ ಎಂಬ ಸಾಲಿದೆ. ‘ಐ ಅಗ್ರೀ ಟು ಇಟ್’ ಎಂಬುದೂ ಒಳ್ಳೆಯ ಇಂಗ್ಲಿಷ್, ಹಾಗಿದ್ದೂ ಇಲ್ಲಿ ‘ಜಾಯಿನ್’ ಎಂಬುದೇ ಸರಿ, ‘ಜಾಯಿನಿಂಗ್’ ಅಲ್ಲ. ‘ಅಗ್ರೀ’, ‘ಕನ್ಸೆಂಟ್’, ‘ಎನ್‌ಟೈಟಲ್ಡ್’ ಎಂಬ ಕೆಲವು ಪದಗಳು ನಾಮಪದ ಬಂದರೆ ಪ್ರಿಪೊಸಿಷನ್ ‘ಟು’ವನ್ನೂ, ತಾನೇ ಮಾಡುವ ಕ್ರಿಯೆ ಬಂದರೆ ಮೂಲರೂಪದ ‘ಟು’ವನ್ನೂ ತೆಗೆದುಕೊಳ್ಳುತ್ತವೆ. ಆದ್ದರಿಂದ ಪರೀಕ್ಷೆಯ ಫಲವನ್ನು ಹೀಗೆ ಓದಿ: ‘ಇಟ್’ ನಿಲ್ಲದಿದ್ದರೆ ಮೂಲರೂಪವನ್ನು ಕಣ್ಣು ಮುಚ್ಚಿಕೊಂಡು ಬರೆಯಬಹುದು, ‘ಇಟ್’ ನಿಂತರೆ ಬಹುತೇಕ ‘ಇಂಗ್’ ಬರುತ್ತದೆ, ಆದರೂ ಇಂಥ ಪದವೇ ಎಂಬ ಸಂಶಯ ಬಂದಾಗ ಒಳ್ಳೆಯ ಡಿಕ್ಷನರಿಯನ್ನು ತೆರೆದು ಅಲ್ಲಿನ ಉದಾಹರಣೆ ವಾಕ್ಯವನ್ನು ನೋಡಿ. ಅರ್ಥ ಮಾತ್ರ ನೋಡಿ ಮುಚ್ಚಿಡುವವರಿಗೆ ಡಿಕ್ಷನರಿಯಿಂದ ಈ ವಿಷಯದಲ್ಲಿ ಯಾವ ಪ್ರಯೋಜನವೂ ಇಲ್ಲ. ಹಳೆಯ ಬರಹಗಳಲ್ಲಿ ‘ಅಕಸ್ಟಮ್ಡ್ ಟು’ ಆದ ಮೇಲೆ ಮೂಲರೂಪ ಕಂಡರೆ ಗಾಬರಿಯಾಗಬೇಡಿ, ಹಿಂದೆ ಅದು ಚಾಲ್ತಿಯಲ್ಲಿತ್ತು. ಇಂದಿನ ಬರವಣಿಗೆಯಲ್ಲಿ ನೀವು ‘ಇಂಗ್’ ರೂಪವನ್ನೇ ಇಟ್ಟುಕೊಳ್ಳಿ.

ಇನ್ನು ಒಂದೇ ವಾಕ್ಯದಲ್ಲಿ ಎರಡು ‘ಇಂಗ್’ ಬರಬಾರದು ಎಂಬ ಮಾತು. ಇಂಥ ನಿಯಮ ಇಂಗ್ಲಿಷಿನಲ್ಲಿ ಎಲ್ಲಿಯೂ ಇಲ್ಲ, ಯಾರೋ ಹುಟ್ಟುಹಾಕಿದ್ದನ್ನು ಮಿಕ್ಕವರು ಪರಿಶೀಲಿಸದೆ ಸಾಗಿಸುತ್ತಿದ್ದಾರೆ. ‘ಲುಕಿಂಗ್’ ಎಂಬಲ್ಲಿನ ‘ಇಂಗ್’ ಈಗ ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸುತ್ತದೆ, ‘ಹಿಯರಿಂಗ್’ ಎಂಬಲ್ಲಿನದು ಕ್ರಿಯೆಯನ್ನು ನಾಮಪದ ಮಾಡುತ್ತದೆ. ಒಂದು ಬಂದ ಮಾತ್ರಕ್ಕೆ ಇನ್ನೊಂದು ಬೇಡವಾಗುವುದಿಲ್ಲ. ‘ಐ ಲುಕ್ ಫಾರ್ವರ್ಡ್ ಟು’ ಎಂದು ಮೊದಲ ‘ಇಂಗ್’ ತೆಗೆದರೂ ಎರಡನೆಯದು ಹಾಗೆಯೇ ಉಳಿಯಬೇಕು. ಅಪರಿಚಿತ ಕಂಪನಿಗೆ ಬರೆಯುವ ಅರ್ಜಿಯಾದ್ದರಿಂದ ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ’ ಎಂಬುದನ್ನೇ ನಾನು ಶಿಫಾರಸು ಮಾಡುತ್ತೇನೆ. ‘ಲುಕಿಂಗ್’ ಎಂಬುದು ತಪ್ಪಲ್ಲ, ಸ್ವಲ್ಪ ಸಲುಗೆಯದು, ಅಷ್ಟೇ. ದೊಡ್ಡ ಹುದ್ದೆಯಲ್ಲಿರುವವರ ಇಮೇಲ್‌ಗಳಲ್ಲಿಯೂ ‘ಟು ಹಿಯರ್’ ಕಾಣುತ್ತದೆಯೆಂದು ನೀವು ವಾದಿಸಬಹುದು. ಕಾಣುತ್ತದೆ, ನಿಜ. ಹುದ್ದೆಯ ಕಾರಣಕ್ಕೆ ವಾಕ್ಯ ಸರಿಯಾಗುವುದಿಲ್ಲ.

ಪ್ರಶ್ನೆ: ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಬರೆಯುತ್ತಾರೆ. ಬರೆಯಬಹುದೇ? (ಓದುಗರು, ಮೈಸೂರು)

ಉತ್ತರ: ಬೇಡ. ‘ವೇಟಿಂಗ್ ಫಾರ್’ ಎಂಬುದರ ‘ಫಾರ್’ ಇಲ್ಲಿಗೆ ನುಸುಳಿದೆ. ಈ ಮಾತಿಗೆ ‘ಟು’ ಒಂದೇ.

ಪ್ರಶ್ನೆ: ನಡೆದು ಹೋದ ಸಂಗತಿಯಾದರೆ ‘ಐ ವಾಂಟೆಡ್ ಟು ವೆಂಟ್’ ಎನ್ನಬೇಕಲ್ಲವೇ? (ಪಿಯುಸಿ ವಿದ್ಯಾರ್ಥಿನಿ, ಮದ್ದೂರು)

ಉತ್ತರ: ಇಲ್ಲಮ್ಮ, ಭೂತಕಾಲವನ್ನು ‘ವಾಂಟೆಡ್’ ಆಗಲೇ ಹೇಳಿಯಾಗಿದೆ, ‘ಟು’ ಆದ ಮೇಲೆ ‘ಗೋ’ ಎಂದೇ ಇರಬೇಕು.

ಪ್ರಶ್ನೆ: ‘ಟು’ ಮತ್ತು ಕ್ರಿಯಾಪದದ ನಡುವೆ ಬೇರೆ ಪದ ಬರಲೇಬಾರದಂತೆ, ಹೌದೇ? (ಶಿಕ್ಷಕರು, ಶ್ರೀರಂಗಪಟ್ಟಣ)

ಉತ್ತರ: ಆ ನಿಷೇಧಕ್ಕೆ ವ್ಯಾಕರಣದ ಆಧಾರವಿಲ್ಲ, ‘ಟು ಫುಲ್ಲಿ ಅಂಡರ್‌ಸ್ಟ್ಯಾಂಡ್’ ಎಂದು ಧಾರಾಳವಾಗಿ ಬರೆಯಬಹುದು. ಉತ್ತರಪತ್ರಿಕೆ ತಿದ್ದುವವರು ಹಳೆಯ ಕಟ್ಟುನಿಟ್ಟಿನವರಾಗಿರಬಹುದು ಎಂಬ ಅಳುಕಿದ್ದರೆ ಪರೀಕ್ಷೆಯಲ್ಲಿ ಮಾತ್ರ ಮಕ್ಕಳಿಗೆ ಅದನ್ನು ತಪ್ಪಿಸಲು ಹೇಳಿ.

ಪ್ರಶ್ನೆ: ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಒಳ್ಳೆಯ ಕೋರ್ಸ್ ಯಾವುದೆಂದು ತಿಳಿಸಿ. (ಓದುಗರು, ಪಾಂಡವಪುರ)

ಉತ್ತರ: ಮೂವತ್ತು ದಿನಗಳ ಭರವಸೆ ಕೊಡುವ ಯಾವ ಕೋರ್ಸನ್ನೂ ನಾನು ಸೂಚಿಸುವುದಿಲ್ಲ. ಸೇರಲೇಬೇಕೆಂದಿದ್ದರೆ, ಹಣ ಕಟ್ಟುವ ಮೊದಲು ಅಲ್ಲಿ ಪಾಠ ಮಾಡುವವರನ್ನು ‘ಯೂಸ್ಡ್ ಟು’ವಿನ ಮೂರು ಬಳಕೆಗಳಿಗೆ ಒಂದೊಂದು ವಾಕ್ಯ ಹೇಳಿ ಎಂದು ಕೇಳಿ.